ಕಂಪನಿ ಹೆಸರು ಸಲ್ಲಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಸೋಮವಾರ SPICe+ ಭಾಗ ಎ ಅರ್ಜಿ ಸಲ್ಲಿಸಲಿರುವವರು ಇದನ್ನು ಗಮನಿಸಿ.

ಹೆಸರಿನಲ್ಲಿ ‘ನ್ಯಾಷನಲ್’, ‘ಸೆಂಟ್ರಲ್’, ‘ಬೋರ್ಡ್’, ‘ಕಮಿಷನ್’ ಇದ್ದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ‘ಬ್ಯಾಂಕ್’, ‘ಇನ್ಶೂರೆನ್ಸ್’ ಬಳಸಲು ಆಯಾ ನಿಯಂತ್ರಕರ ತಾತ್ವಿಕ ಒಪ್ಪಿಗೆ ಇರಬೇಕು. ‘ನ್ಯಾಷನಲ್ ಮಸಾಲೆ’ ಎಂದು ಬರೆದವರು ಆ ಮೊದಲ ಪದವನ್ನು ಕೈಬಿಡುವುದೇ ಸುಲಭ. ಈಗಾಗಲೇ ಇರುವ ಹೆಸರನ್ನು ಬಹುವಚನ ಮಾಡಿದರೆ ಅದು ಹೊಸ ಹೆಸರಾಗುವುದಿಲ್ಲ. ಆ ಜಾಣತನ ಅಲ್ಲಿ ನಡೆಯದು.

ಖಾಸಗಿ ಕಂಪನಿಯ ಹೆಸರು ‘ಪ್ರೈವೇಟ್ ಲಿಮಿಟೆಡ್’ ಎಂದೇ ಮುಗಿಯಬೇಕು. ಪಾಲುದಾರಿಕೆಗೆ ‘ಅಂಡ್ ಕೋ’, ‘ಅಸೋಸಿಯೇಟ್ಸ್’ ರೂಢಿ, ಕಡ್ಡಾಯವಲ್ಲ. ಒಬ್ಬರೇ ಮಾಲೀಕರಾದರೆ ‘ಎಂಟರ್‌ಪ್ರೈಸಸ್’, ‘ಟ್ರೇಡರ್ಸ್’ ಸಾಕು. ಆದರೆ ಈ ಇಬ್ಬರೂ ಫಲಕದಲ್ಲಿ ‘ಲಿಮಿಟೆಡ್’ ಹಾಕಿದರೆ ಕಂಪನಿ ಕಾಯ್ದೆಯ 453ನೇ ಕಲಮಿನಡಿ ದಿನಕ್ಕೆ 500ರಿಂದ 2,000 ರೂಪಾಯಿ ದಂಡ.

ನಿಮ್ಮ ಎರಡು ಆಯ್ಕೆಗಳನ್ನು ಶನಿವಾರದೊಳಗೆ ಇಲ್ಲಿ ಬರೆಯಿರಿ.