ಹರಿಯದ ದಿನಗಳು

ಪ್ರೀತಿಯ ತಮ್ಮನಿಗೆ,

ನಿನ್ನ ಕತೆ ಓದಿದೆ. ಮೊದಲ ಪುಟದಲ್ಲೇ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ‘ಹರಿಯದ ದಿನಗಳಲ್ಲಿ ಅಪ್ಪ ಯಾರ ಮಾತನ್ನೂ ಕೇಳುತ್ತಿರಲಿಲ್ಲ’ ಅಂತ ಬರೆದಿದ್ದೀಯ. ಹರಿಯದ ದಿನಗಳು ಅಂದರೆ ಮುಂದೆ ಸಾಗದೆ ನಿಂತುಬಿಟ್ಟ ದಿನಗಳು. ಚೆನ್ನಾಗಿದೆಯಲ್ಲ ಅಂದುಕೊಂಡೆ. ಎರಡು ಸಾಲು ಮುಂದೆ ಹೋದ ಮೇಲೆ ಗೊತ್ತಾಯಿತು, ನೀನು ಹೇಳಹೊರಟಿದ್ದು ಅಪ್ಪನ ಯೌವನದ ಕತೆ. ಅಲ್ಲಿ ಬೇಕಿದ್ದದ್ದು ‘ಹರೆಯದ’.

ಇಂಥ ತಪ್ಪು ಸುಲಭಕ್ಕೆ ಸಿಗುವುದಿಲ್ಲ. ‘ಹರಿಯದ’ ಕೂಡ ಸರಿಯಾದ ಪದವೇ ಆದ್ದರಿಂದ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಇಲ್ಲಿ ಅದಕ್ಕೆ ಒಂದು ಅರ್ಥವೂ ಹುಟ್ಟಿಬಿಟ್ಟಿದೆ, ಹಾಗಾಗಿ ಓದುಗ ಅನುಮಾನವೇ ಪಡದೆ ದಾರಿ ತಪ್ಪುತ್ತಾನೆ. ಹರಿ ಅಂದರೆ ನೀರು ಹರಿಯುವುದು, ಬಟ್ಟೆ ಹರಿಯುವುದು, ಹಾವು ಹರಿಯುವುದು, ದೇವರೂ ಹೌದು. ಹರೆ ಅಂದರೆ ಮರದ ಕೊಂಬೆ. ಹರೆಯ ಅಂದರೆ ಪ್ರಾಯ. ‘ಹರೆಯ ಮೇಲೆ ಹಕ್ಕಿ’ ಅಂದರೆ ಕೊಂಬೆಯ ಮೇಲಿನ ಹಕ್ಕಿ, ‘ಹರಿಯ ಮೇಲೆ ಹಕ್ಕಿ’ ಅಂದರೆ ದೇವರ ತಲೆ ಮೇಲೆ ಕೂತ ಹಕ್ಕಿ.

ನಿನ್ನನ್ನು ಬೈಯುತ್ತಿಲ್ಲ. ನಾನು ಬರೆಯಲು ಶುರು ಮಾಡಿದ ಹೊಸದರಲ್ಲಿ ಒಂದು ಪತ್ರಿಕೆಯಲ್ಲಿ ನನ್ನ ಕತೆ ಬಂತು. ಅದರಲ್ಲಿ ‘ಅಜ್ಜಿ ನನ್ನನ್ನು ಹತ್ತಿರ ಕರಿದಳು’ ಅಂತಿತ್ತು. ಅಜ್ಜಿ ನನ್ನನ್ನು ಬಾಣಲೆಗೆ ಹಾಕಿದ ಹಾಗೆ! ಪತ್ರಿಕೆಯವರೂ ಗಮನಿಸಿರಲಿಲ್ಲ. ಗೆಳೆಯರು ವರ್ಷಗಟ್ಟಲೆ ‘ಗರಿಗರಿಯಾಗಿದ್ದೀಯಾ?’ ಅಂತ ಕೇಳುತ್ತಿದ್ದರು.

ಯಾಕೆ ಹೀಗಾಗುತ್ತದೆ ಅಂದರೆ, ನಾವು ಕಿವಿಯನ್ನು ನಂಬಿ ಬರೆಯುತ್ತೇವೆ. ಮಾತಿನಲ್ಲಿ ‘ಅವನನ್ನ ಕರಿ’, ‘ಚೆನ್ನಾಗಿ ಬರಿ’ ಅಂತಲೇ ಅನ್ನುತ್ತೇವೆ ಅಲ್ವಾ? ಇಂಥ ಕ್ರಿಯಾಪದಗಳ ಕೊನೆಯ ಎಕಾರ ಬಾಯಲ್ಲಿ ಇಕಾರವಾಗುತ್ತದೆ. ಭೂತಕಾಲಕ್ಕೆ ಹೋದರೆ ಇನ್ನೂ ಕಷ್ಟ. ಹಪ್ಪಳ ‘ಕರ್ದ’, ಮಗಳನ್ನು ‘ಕರ್ದ’, ಹಸುವಿನ ಹಾಲು ‘ಕರ್ದ’, ಮೂರೂ ಒಂದೇ. ಬರೆಯುವಾಗ ಮಾತ್ರ ಹಪ್ಪಳಕ್ಕೆ ‘ಕರಿದ’, ಮಗಳಿಗೂ ಹಾಲಿಗೂ ‘ಕರೆದ’.

ನಾನು ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದೇನೆ. ಕ್ರಿಯಾಪದದ ಬಗ್ಗೆ ಅನುಮಾನ ಬಂದರೆ ಅದೇ ಮನೆಯಲ್ಲಿ ಹುಟ್ಟಿದ ನಾಮಪದವನ್ನು ಹುಡುಕುತ್ತೇನೆ. ನಾಮಪದವನ್ನು ನಾವು ಸಾಮಾನ್ಯವಾಗಿ ಸ್ಪಷ್ಟವಾಗಿ ಉಚ್ಚರಿಸುತ್ತೇವೆ, ಅದರಲ್ಲಿ ಸ್ವರ ಉಳಿದುಕೊಂಡಿರುತ್ತದೆ. ನಿನ್ನ ಎರಡನೇ ಪುಟವನ್ನೇ ನೋಡು: ‘ಅಪ್ಪನ ಚಪ್ಪಲಿಗಳು ಸವಿದಿದ್ದವು.’ ಚಪ್ಪಲಿಗೆ ಆಗುವುದು ಏನು? ಸವೆತ. ‘ಸವಿತ’ ಅಂತ ಯಾರೂ ಅನ್ನುವುದಿಲ್ಲ. ಹಾಗಾದರೆ ಮೂಲ ‘ಸವೆ’, ಅಲ್ಲಿ ಬರಬೇಕಾದ್ದು ‘ಸವೆದಿದ್ದವು’. ‘ಸವಿ’ ರುಚಿಯ ಕಡೆಯದು. ನಿನ್ನ ಚಪ್ಪಲಿಗಳು ಏನನ್ನೋ ಚಪ್ಪರಿಸಿದ ಹಾಗಾಗಿದೆ. ಹಾಗೆಯೇ ಫೋನಿಗೆ ಬರುವುದು ‘ಕರೆ’, ಆದ್ದರಿಂದ ಅಜ್ಜಿ ‘ಕರೆದಳು’. ನೀರಿಗಿರುವುದು ‘ಹರಿವು’, ಆದ್ದರಿಂದ ಹೊಳೆ ‘ಹರಿಯಿತು’.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಅಳೆಯುವುದರಿಂದ ‘ಅಳತೆ’ ಬಂದಿದೆ, ಅದರಲ್ಲಿ ಎಕಾರ ಕಾಣದ ಹಾಗೆ ಕರಗಿಹೋಗಿದೆ. ಆಗ ಜೋಡಿಯ ಇನ್ನೊಂದು ಪದವನ್ನು ಕೇಳಬೇಕು. ನಾಶಕ್ಕೆ ‘ಅಳಿವು’ ಅನ್ನುತ್ತೇವೆ. ಇಕಾರ ಅದರ ಪಾಲಿಗೆ ಹೋಯಿತು, ಹಾಗಾಗಿ ಬಟ್ಟೆಯನ್ನು ‘ಅಳೆದ’. ‘ಅಳಿದ’ ಅಂದರೆ ಸತ್ತ ಅಂತಾಗುತ್ತದೆ. ಅಷ್ಟಾಗಿಯೂ ಅನುಮಾನ ಉಳಿದರೆ ನಿಘಂಟು ತೆಗೆ. ನಾನು ಈಗಲೂ ತೆಗೆಯುತ್ತೇನೆ.

ಒಂದು ಕಡೆ ಮಾತ್ರ ಇದನ್ನೆಲ್ಲ ಬದಿಗಿಡು. ಮೂರನೇ ಪುಟದಲ್ಲಿ ನಿನ್ನ ಅಜ್ಜಿ ‘ಬಾಗಿಲು ತೆರಿಯೋ’ ಅಂತ ಕೂಗುತ್ತಾಳೆ. ಅದನ್ನು ‘ತೆರೆಯೋ’ ಅಂತ ತಿದ್ದಬೇಡ, ಅವಳ ಬಾಯಿ ಹಾಗೇ ಇರಲಿ. ಆದರೆ ಮುಂದಿನ ಸಾಲಿನಲ್ಲಿ ನೀನೇ ಕತೆ ಹೇಳುವಾಗ ‘ಹುಡುಗ ಬಾಗಿಲು ತೆರೆದ’ ಅಂತಲೇ ಇರಬೇಕು.

ಕೊನೆಯ ಪುಟದ ಒಂದು ಸಾಲಿಗೆ ನಾನು ಕೈ ಹಾಕಲಿಲ್ಲ. ‘ಅಪ್ಪನ ನೆನಪುಗಳೆಲ್ಲ ಹರಿದುಹೋದವು’ ಅಂತಿದೆ. ಅಕ್ಷರ ಸರಿಯಾಗಿಯೇ ಇದೆ. ಆದರೆ ಅವು ನೀರಿನ ಹಾಗೆ ಹರಿದುಹೋದವೋ, ಹಳೇ ಪಂಚೆಯ ಹಾಗೆ ಹರಿದುಹೋದವೋ? ನೀನು ಅಂದುಕೊಂಡದ್ದು ಯಾವುದು ಅಂತ ಬರೆದು ತಿಳಿಸು.

ನಿನ್ನ ಅಣ್ಣ