ಮಲದಲ್ಲಿ ರಕ್ತ ಕಂಡರೆ ಆ್ಯಂಟಿಬಯಾಟಿಕ್, ಬರೀ ನೀರಾದರೆ ಬೇಡ

ಸಂಪಾದಕರೇ,

ಮಗುವಿಗೆ ಭೇದಿ ಶುರುವಾದ ಕೂಡಲೇ ಮೆಟ್ರೊನಿಡಜೋಲ್ ಸಿರಪ್ ಕುಡಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ಅಮೀಬಾಗೆ ಕೊಡುವ ಔಷಧಿ, ಶಿಗೆಲ್ಲಾ ಬ್ಯಾಕ್ಟೀರಿಯಾಗೆ ತಾಗುವುದೇ ಇಲ್ಲ. ಚಿಕ್ಕ ಮಕ್ಕಳ ರಕ್ತಭೇದಿಗೆ ಹೆಚ್ಚಾಗಿ ಕಾರಣ ಶಿಗೆಲ್ಲಾನೇ.

ಬರೀ ನೀರು ಭೇದಿಯಾದರೆ ಸಾಮಾನ್ಯವಾಗಿ ಓಆರ್‌ಎಸ್, ಜಿಂಕ್ ಸಾಕು, ಆ್ಯಂಟಿಬಯಾಟಿಕ್ ಸುಮ್ನೆ ದಂಡ. ಆದರೆ 12 ಕಿಲೋ ತೂಕದ ಮಗುವಿಗೆ ಜೋರು ಜ್ವರ, ಮೊದಲು ನೀರಾಗಿ ಹೋಗಿ ಆಮೇಲೆ ಚೂರು ಚೂರೇ ರಕ್ತ, ಲೋಳೆ, ಪ್ರತಿ ಸಲ ಮುಕ್ಕಿ ಅಳುತ್ತಿದೆ ಅಂದುಕೊಳ್ಳಿ. ಇಲ್ಲಿ ಕಾಯಬಾರದು, ಮಲದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರುವ ಮುಂಚೆಯೇ ವೈದ್ಯರು ಔಷಧಿ ಶುರು ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2005ರ ಸೂಚನೆ ಪ್ರಕಾರ ಸಿಪ್ರೊಫ್ಲಾಕ್ಸಸಿನ್, ಕಿಲೋಗೆ 15 ಮಿಲಿಗ್ರಾಂ, ಅಂದರೆ ಈ ಮಗುವಿಗೆ 180, ದಿನಕ್ಕೆರಡು ಸಲ, 3 ದಿನ.

ತೊಂದರೆ ಏನೆಂದರೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್, ನ್ಯಾಲಿಡಿಕ್ಸಿಕ್ ಆಮ್ಲ ಯಾವತ್ತೋ ಸೋತಿವೆ, ಈಗ ಏಷ್ಯಾದ ಹಲವು ಕಡೆ ಸಿಪ್ರೊ ಕೂಡ ಸೋಲುತ್ತಿದೆ. ಅಂಥ ಕಡೆ ಅಜಿತ್ರೊಮೈಸಿನ್, ಮಗು ತೀರಾ ಸುಸ್ತಾಗಿದ್ದರೆ ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ ಉಳಿದಿವೆ. ಇವಕ್ಕೂ ಬಗ್ಗದ ತಳಿಗಳು ಬಂದಿವೆ, ಹಾಗಾಗಿ ಆದಷ್ಟು ಮಟ್ಟಿಗೆ ಮಲದ ಕಲ್ಚರ್‌ ಮೊದಲೇ ಕಳಿಸಿಡುವುದು ಒಳ್ಳೆಯದು.

ಔಷಧಿ ತಾಗಿದೆಯಾ ಅಂತ 48 ಗಂಟೆಯಲ್ಲಿ ಗೊತ್ತಾಗುತ್ತದೆ: ಜ್ವರ ಇಳಿಯಬೇಕು, ರಕ್ತ ಕಡಿಮೆಯಾಗಬೇಕು, ಮಗು ಊಟ ಕೇಳಬೇಕು. ಇಲ್ಲವಾದರೆ ಅದೇ ಬಾಟಲಿ ಮುಂದುವರಿಸದೆ ವೈದ್ಯರ ಹತ್ತಿರ ಹೋಗಿ ಔಷಧಿ ಬದಲಿಸಿಕೊಳ್ಳಿ. ಭೇದಿ ಕಟ್ಟುವ ಲೋಪೆರಮೈಡ್ ಅಂತೂ ಮಕ್ಕಳಿಗೆ ಕೊಡಲೇಬೇಡಿ.

— ಒಬ್ಬ ಮಕ್ಕಳ ವೈದ್ಯೆ