ಹಳೆಯ ಖಾತೆ ಮುಚ್ಚಿಸುವ ಮೊದಲು

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಮೇಲೆ ಮಡಿಕೇರಿಗೆ ಹೋಗಿ ಬಳಸದ ಖಾತೆ ಮುಚ್ಚಿಸಬೇಕೆಂದಿರುವವರು ಮೊದಲು ಕಳೆದ 13 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ಓದಿ. ತಿಂಗಳ ಕಂತು ಹೇಗೂ ನೆನಪಿರುತ್ತದೆ. ಮರೆತುಹೋಗುವುದು ವರ್ಷಕ್ಕೊಮ್ಮೆ ಕಡಿತವಾಗುವ ವಿಮೆಯ ಪ್ರೀಮಿಯಂ. ಅಕ್ಟೋಬರ್‌ನಲ್ಲಿ ಖಾತೆ ಮುಚ್ಚಿದಿರಿ, ಪ್ರೀಮಿಯಂ ಜೂನ್‌ನಲ್ಲಿದೆ ಎಂದುಕೊಳ್ಳಿ: ಎಂಟು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಡಿತ ವಿಫಲವಾಗಿ, ಹೆಚ್ಚುವರಿ ಗಡುವೂ ದಾಟಿದರೆ ಪಾಲಿಸಿಯೇ ನಿಂತುಹೋಗಬಹುದು. ಹೊಸ ಖಾತೆಯಿಂದ ಆಟೋಪೇ ನೋಂದಾಯಿಸಿ, ಅದು ಜಾರಿಗೆ ಬಂದ ಸಂದೇಶ ಸಿಕ್ಕಿದ ಮೇಲೆಯೇ ಹಳೆಯದನ್ನು ರದ್ದು ಮಾಡಿಸಿ. ಸಂಬಳ ಹೊಸ ಖಾತೆಗೆ ಒಮ್ಮೆ ಜಮೆಯಾಗುವವರೆಗೂ ಕಾಯಿರಿ. ಠೇವಣಿ ಇದ್ದರೆ ಬಡ್ಡಿ, ಅಸಲು ಎರಡೂ ಜಮೆಯಾಗಬೇಕಾದ ಖಾತೆಯ ಸಂಖ್ಯೆಯನ್ನು ಶಾಖೆಯಲ್ಲಿ ಅರ್ಜಿ ಕೊಟ್ಟು ಬದಲಿಸಿ, ಠೇವಣಿ ರಸೀದಿಯಲ್ಲಿ ಹೊಸ ಸಂಖ್ಯೆ ಬಂದಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.